13 ದಿನದ ಪಿಗ್ಮಿ ಹಣ ಎಲ್ಲಿ ಹೋಯಿತು?

“ನಿಮ್ಮ ಪಿಗ್ಮಿ ಕಲೆಕ್ಟರ್ ಕಳ್ಳ. ಮೂರು ತಿಂಗಳಿಂದ ನನ್ನ ದುಡ್ಡು ನುಂಗುತ್ತಿದ್ದಾನೆ. ನನ್ನೊಬ್ಬನದೇ ಅಲ್ಲ, ಈ ಬೀದಿಯ ಅಂಗಡಿಯವರೆಲ್ಲರದೂ ಇದೇ ಕಥೆ. ಮ್ಯಾನೇಜರ್‌ಗೂ ಇದರಲ್ಲಿ ಪಾಲಿದೆ ಅಂತ ಊರೆಲ್ಲ ಹೇಳುತ್ತಾರೆ. ಕೂಡಲೇ ಕ್ರಮ ಕೈಗೊಳ್ಳಿ.”

ತಾಲ್ಲೂಕು ಕೇಂದ್ರವೊಂದರ ಪತ್ತಿನ ಸಹಕಾರ ಸಂಘಕ್ಕೆ ಬೇಕರಿ ನಡೆಸುವವರೊಬ್ಬರು ಹೀಗೊಂದು ದೂರು ಬರೆದುಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಇದು ಯಾವುದೋ ಒಂದು ಸಂಘದಲ್ಲಿ ನಡೆದ ಘಟನೆಯಲ್ಲ, ವಿಷಯ ತಿಳಿಸಲು ಮಾಡಿಕೊಂಡ ಉದಾಹರಣೆ. ಆದರೆ ಪಿಗ್ಮಿ ಕಟ್ಟುವವರಿಗೆ, ಸಂಘದ ಆಡಳಿತ ಮಂಡಳಿಯಲ್ಲಿ ಕೂತವರಿಗೆ ಇದರಲ್ಲಿ ಹೊಸದೇನೂ ಕಾಣದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಸಂಗ್ರಹ ಶುರುಮಾಡಿದಾಗಿನಿಂದ ಈ ಪದ್ಧತಿ ನಿಂತಿರುವುದೇ ನಂಬಿಕೆಯ ಮೇಲೆ. ಅಂಗಡಿಯವರು ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆದುಕೊಡುತ್ತಾರೆ, ಕಲೆಕ್ಟರ್ ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಾರೆ. ಆ ನಂಬಿಕೆಗೆ ಪೆಟ್ಟು ಬಿದ್ದಾಗ ಸಂಘ ಮಾಡಬೇಕಾದ ಮೊದಲ ಕೆಲಸ ಆಂತರಿಕ ತನಿಖೆ. ಆ ತನಿಖೆಯಿಂದ ಉಳಿಯುವುದು ಒಂದು ವರದಿ ಮಾತ್ರ.

ಅಂಥ ವರದಿ ಸಾಮಾನ್ಯವಾಗಿ ಹೇಗಿರುತ್ತದೆ? ಆಡಳಿತ ಮಂಡಳಿ ಒಬ್ಬ ನಿರ್ದೇಶಕರನ್ನೂ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಯನ್ನೂ ನೇಮಿಸುತ್ತದೆ. ಅವರು ಎರಡು ದಿನ ಓಡಾಡಿ ಒಂದು ಪುಟ ಬರೆದು ಕೊಡುತ್ತಾರೆ: “ದೂರನ್ನು ಪರಿಶೀಲಿಸಲಾಗಿ, ಕಲೆಕ್ಟರ್ ಗ್ರಾಹಕರ ಹಣವನ್ನು ದುರುಪಯೋಗ ಮಾಡಿಕೊಂಡಿರುವುದು ಮೇಲ್ನೋಟಕ್ಕೆ ಕಂಡುಬಂದಿದ್ದು, ಸದರಿಯವರನ್ನು ಕೆಲಸದಿಂದ ತೆಗೆದುಹಾಕಲು ಶಿಫಾರಸು ಮಾಡಲಾಗಿದೆ.”

ಓದಲು ಕಚೇರಿಯ ಭಾಷೆಯಂತೆ ಗಂಭೀರವಾಗಿದೆ. ಆದರೆ ಇದೊಂದೇ ವಾಕ್ಯದಲ್ಲಿ ಬೇರೆ ಬೇರೆ ಇರಬೇಕಾದ ನಾಲ್ಕು ವಿಷಯಗಳು ಕಲಸಿಹೋಗಿವೆ. ದೂರಿನಲ್ಲಿ ಏನಿತ್ತು ಎಂಬುದು ಇಲ್ಲಿಲ್ಲ. ಏನನ್ನು ಪರಿಶೀಲಿಸಲಾಯಿತು, ಕಾರ್ಡನ್ನೋ ಲೆಡ್ಜರನ್ನೋ ಬೀದಿಯ ಮಾತನ್ನೋ, ಅದೂ ಇಲ್ಲ. ಎಷ್ಟು ಹಣ, ಯಾರದು, ಯಾವ ದಿನದ್ದು ಎಂಬ ತೀರ್ಮಾನವಿಲ್ಲ. ಮೇಲ್ನೋಟಕ್ಕೆ ಕಂಡದ್ದರ ಮೇಲೆಯೇ ಒಬ್ಬರ ಕೆಲಸ ಕಳೆಯುವ ಶಿಫಾರಸು ಮಾತ್ರ ಇದೆ.

ಇಂಥ ವರದಿಗೆ ಕೋರ್ಟಿನಲ್ಲಿ ಏನಾಗುತ್ತದೆ ಎಂಬುದು ಹಳೆಯ ಮಾತು. 1985ರಲ್ಲಿ ಅನಿಲ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ವಿಚಾರಣಾ ವರದಿಯಲ್ಲಿ ಸಾಕ್ಷ್ಯಗಳ ಚರ್ಚೆ ಇರಲಿಲ್ಲ, ಕಾರಣಗಳೂ ಇರಲಿಲ್ಲ. ಆರೋಪ ಸಾಬೀತಾಗಿದೆ ಎಂಬ ವಿಚಾರಣಾಧಿಕಾರಿಯ ಅಭಿಪ್ರಾಯ ಮಾತ್ರ ಇತ್ತು. ಅದು ವಿಚಾರಣಾ ವರದಿಯೇ ಅಲ್ಲ ಎಂದು ಕೋರ್ಟ್ ಹೇಳಿತು. ಪಿಗ್ಮಿ ಕಲೆಕ್ಟರ್ ಕಮಿಷನ್ ಮೇಲೆ ದುಡಿಯುವವರು, ಅವರನ್ನು ಬಿಡಿಸಲು ಇಷ್ಟೆಲ್ಲ ಏಕೆ ಎಂದು ಕೆಲವರು ಭಾವಿಸುತ್ತಾರೆ. ಆದರೆ 2001ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆಲಸಗಾರರ ಪ್ರಕರಣದಲ್ಲಿ ಅದೇ ಕೋರ್ಟ್ ಬ್ಯಾಂಕುಗಳ ಠೇವಣಿ ಸಂಗ್ರಾಹಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕೆಲಸಗಾರರೇ ಎಂದು ತೀರ್ಪು ಕೊಟ್ಟಿದೆ.

ಹಾಗಾದರೆ ಬೇಕರಿಯವರ ದೂರಿನ ಮೇಲೆ ಸರಿಯಾದ ವರದಿಯನ್ನು ಬರೆಯುವುದು ಹೇಗೆ?

ದೂರನ್ನು ಬಿಡಿಸುವುದು

ದೂರು ಕೋಪದಲ್ಲಿ ಬರೆದದ್ದು, ಅದರಲ್ಲಿ ತಪ್ಪೇನಿಲ್ಲ. ಹಣ ಕಳೆದುಕೊಂಡೆ ಎಂದುಕೊಂಡವರು ಲೆಕ್ಕಪರಿಶೋಧಕರ ಭಾಷೆಯಲ್ಲಿ ಬರೆಯಬೇಕಿಲ್ಲ. ಆ ಕೋಪವನ್ನು ಪ್ರಶ್ನೆಗಳನ್ನಾಗಿ ಬಿಡಿಸಿಕೊಳ್ಳುವುದು ತನಿಖೆ ಮಾಡುವವರ ಕೆಲಸ. ಮೊದಲಿಗೆ ದೂರುದಾರರನ್ನು ಕೂರಿಸಿಕೊಂಡು, ನಿಮ್ಮ ಲೆಕ್ಕ ಎಲ್ಲಿ ಎಷ್ಟು ಕಡಿಮೆ ಬಂತು ಎಂದು ಕೇಳಬೇಕು. ಬೇಕರಿಯವರು ಕಾರ್ಡ್ ತೆಗೆದಿಡುತ್ತಾರೆ. ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ, ಭಾನುವಾರ ಬಿಟ್ಟು, 78 ದಿನ ತಲಾ 200 ರೂಪಾಯಿ. ಕಾರ್ಡಿನ ಮೊತ್ತ 15,600. ಸಂಘದ ಲೆಡ್ಜರಿನಲ್ಲಿ ಅದೇ ಅವಧಿಗೆ ಜಮಾ ಆಗಿರುವುದು 13,000. ವ್ಯತ್ಯಾಸ 2,600 ರೂಪಾಯಿ, ಅಂದರೆ 13 ದಿನದ ಹಣ.

ಈಗ ದೂರಿನೊಳಗೆ ಮೂರು ಆರೋಪಗಳು ಕಾಣುತ್ತವೆ. ಒಂದು, ದೂರುದಾರರು 13 ದಿನ ಕೊಟ್ಟ 2,600 ರೂಪಾಯಿಯನ್ನು ಕಲೆಕ್ಟರ್ ಸಂಘಕ್ಕೆ ಕಟ್ಟಿಲ್ಲ. ಎರಡು, ಅದೇ ಲೈನಿನ ಬೇರೆ ಗ್ರಾಹಕರ ಹಣವನ್ನೂ ಕಟ್ಟಿಲ್ಲ. ಮೂರು, ಇದು ಮ್ಯಾನೇಜರ್‌ಗೆ ಗೊತ್ತಿತ್ತು, ಅವರೂ ಪಾಲು ಪಡೆದಿದ್ದಾರೆ. ವರದಿಯ ಮೊದಲ ಭಾಗದಲ್ಲಿ ಈ ಮೂರನ್ನು ಸಂಖ್ಯೆ ಕೊಟ್ಟು, “ದೂರುದಾರರ ಪ್ರಕಾರ” ಎಂದು ಸೇರಿಸಿ ಬರೆಯಬೇಕು. ಮೂಲ ದೂರಿನ ಪ್ರತಿಯನ್ನು ಒಂದಕ್ಷರ ತಿದ್ದದೆ ಅನುಬಂಧದಲ್ಲಿ ಇಡಬೇಕು. ‘ಕಳ್ಳ’ ಎಂಬ ಮಾತು ಅಲ್ಲಿ, ದೂರುದಾರರ ಕೈಬರಹದಲ್ಲಿ ಉಳಿಯುತ್ತದೆ. ವರದಿಯ ಮಾತಾಗಿ ಒಳಗೆ ಬರುವುದಿಲ್ಲ.

ಆರೋಪವನ್ನು ಪರೀಕ್ಷೆ ಮಾಡಬಹುದಾದ ರೂಪದಲ್ಲಿ ಬರೆಯದಿದ್ದರೆ ಮುಂದಿನ ಕೆಲಸವೆಲ್ಲ ಕೆಡುತ್ತದೆ. “ಕಲೆಕ್ಟರ್ ಅಪ್ರಾಮಾಣಿಕರು” ಎಂಬುದನ್ನು ಯಾವ ದಾಖಲೆಯೂ ಸಾಬೀತು ಮಾಡಲಾರದು, ಅಲ್ಲಗಳೆಯಲೂ ಆರದು. “ಈ 13 ದಿನಾಂಕಗಳ ತಲಾ 200 ರೂಪಾಯಿ ಸಂಘಕ್ಕೆ ಬಂದಿಲ್ಲ” ಎಂಬುದನ್ನು ಒಂದೊಂದೇ ದಿನ ಹಿಡಿದು ನೋಡಬಹುದು. ಇದೇ ರೂಪದಲ್ಲಿ ಆರೋಪಗಳನ್ನು ಕಲೆಕ್ಟರ್‌ಗೂ ಮ್ಯಾನೇಜರ್‌ಗೂ ಬರವಣಿಗೆಯಲ್ಲಿ ಕೊಡಬೇಕು. ತನ್ನ ಮೇಲಿರುವ ಆರೋಪ ಏನೆಂದು ತಿಳಿಯದವರು ಅದಕ್ಕೆ ಉತ್ತರ ಕೊಡುವುದು ಹೇಗೆ?

ಬಿಸ್ಕತ್ತಿನ ಡಬ್ಬಿಯೊಳಗಿನ ಚೀಟಿಗಳು

ಸಾಕ್ಷ್ಯದ ಭಾಗದಲ್ಲಿ ತನಿಖೆ ಮಾಡುವವರಿಗೆ ಅಭಿಪ್ರಾಯವೇ ಇರಬಾರದು. ಏನು ಸಿಕ್ಕಿತು, ಯಾರು ಕೊಟ್ಟರು, ಯಾವ ದಿನ, ಮೂಲವೋ ಪ್ರತಿಯೋ, ಅದರಲ್ಲಿ ಏನು ಬರೆದಿದೆ, ಇಷ್ಟು ಸಾಕು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ನಮ್ಮ ಪ್ರಕರಣದಲ್ಲಿ ದಾಖಲೆ 1 ಬೇಕರಿಯವರ ಪಿಗ್ಮಿ ಕಾರ್ಡ್. ಅದರಲ್ಲಿ ತಾರೀಖು, ಮೊತ್ತ, ಪ್ರತಿ ಸಾಲಿನ ಕೊನೆಗೆ ಕಲೆಕ್ಟರ್‌ನ ಚಿಕ್ಕ ಸಹಿ ಇದೆ. 13 ದಿನಗಳಲ್ಲೂ ಆ ಸಹಿ ಇದೆ. ದಾಖಲೆ 2, ಕಲೆಕ್ಟರ್ ಕೈಯಲ್ಲಿರುವ ಪಿಗ್ಮಿ ಮಷೀನಿನಿಂದ ಸಂಜೆ ಶಾಖೆಯ ಕಂಪ್ಯೂಟರಿಗೆ ಬಂದ ದಿನವಹಿ ಪಟ್ಟಿ. ದಾಖಲೆ 3, ಕಲೆಕ್ಟರ್ ಪ್ರತಿದಿನ ಹಣ ಕಟ್ಟುವಾಗ ತುಂಬಿದ ಚಲನ್. ದಾಖಲೆ 4, ಮಷೀನು ರಿಪೇರಿಗೆ ಹೋದ ದಿನಗಳ ರಿಜಿಸ್ಟರ್ ಮತ್ತು ಆ ದಿನಗಳ ಕೈಬರಹದ ಪಟ್ಟಿ.

ದಾಖಲೆ 5 ಸಿಕ್ಕಿದ್ದು ಬೇಕರಿಯಲ್ಲಿ. ಮಷೀನು ಕೊಡುವ ಪುಟ್ಟ ಚೀಟಿಗಳನ್ನು ಅವರು ಬಿಸ್ಕತ್ತಿನ ಹಳೆ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಈ ಚೀಟಿಗಳ ಕಾಗದ ಬಿಸಿಯಿಂದ ಅಚ್ಚು ಮೂಡುವಂಥದ್ದು. ಒಲೆಯ ಶಾಖಕ್ಕೆ, ಬಿಸಿಲಿಗೆ ಇಟ್ಟರೆ ಅಕ್ಷರ ಮಾಸಿಹೋಗುತ್ತದೆ. ಹಾಗಾಗಿ ಸಿಕ್ಕಿದ ದಿನವೇ ಎಲ್ಲವನ್ನೂ ಜೆರಾಕ್ಸ್ ಮಾಡಿಸಿ, ಪ್ರತಿಯ ಮೇಲೆ ತಾರೀಖು ಹಾಕಿ ದೂರುದಾರರ ಸಹಿ ಪಡೆಯಬೇಕು. ವರದಿ ಬರೆಯುವ ಹೊತ್ತಿಗೆ ಮಾಡೋಣ ಎಂದು ಬಿಟ್ಟರೆ ಬಿಳಿ ಕಾಗದ ಉಳಿಯುತ್ತದೆ.

ಈ ಚೀಟಿಗಳೇ ತನಿಖೆಯ ದಿಕ್ಕು ಬದಲಿಸುತ್ತವೆ. ಬೇಕರಿಯವರ ಖಾತೆ ಸಂಖ್ಯೆ 1146. ಬರದ 13 ದಿನಗಳ ಪೈಕಿ 4 ದಿನದ ಚೀಟಿಗಳಲ್ಲಿ ಖಾತೆ 1164 ಎಂದಿದೆ. ಅದು ಎದುರು ಸಾಲಿನ ಟೈಲರ್ ಅಂಗಡಿಯ ಖಾತೆ. ಟೈಲರ್ ಅವರ ಕಾರ್ಡ್ ತರಿಸಿ ನೋಡಿದರೆ ಆ 4 ದಿನ ಅವರು ಅಂಗಡಿ ತೆರೆದಿರಲಿಲ್ಲ, ಕಾರ್ಡಿನಲ್ಲಿ ನಮೂದಿಲ್ಲ. ಆದರೆ ಲೆಡ್ಜರಿನಲ್ಲಿ ಅವರ ಖಾತೆಗೆ 800 ರೂಪಾಯಿ ಜಮಾ ಆಗಿದೆ. ಒಂದು ಖಾತೆಯ ಕೊರತೆ ಇನ್ನೊಂದು ಖಾತೆಯ ಹೆಚ್ಚಳವಾಗಿ, ಅದೇ ದಿನಗಳಲ್ಲಿ, ಅಷ್ಟೇ ಮೊತ್ತದಲ್ಲಿ ಕೂತಿದೆ. ಹಣ ಸಂಘಕ್ಕೆ ಬಂದಿದೆ, ಹೋಗಿದ್ದು ಬೇರೆಯವರ ಖಾತೆಗೆ.

ಇನ್ನು 3 ದಿನ ಮಷೀನು ರಿಪೇರಿಯಲ್ಲಿತ್ತು. ಆ ದಿನಗಳ ಕೈಬರಹದ ಪಟ್ಟಿಯಲ್ಲಿ ಬೇಕರಿಯ ಹೆಸರಿದೆ, 200 ರೂಪಾಯಿ ಇದೆ, ಖಾತೆ ಸಂಖ್ಯೆ ಮಾತ್ರ ಓದಲು ಬರುವಂತಿಲ್ಲ. ಶಾಖೆಯ ಗುಮಾಸ್ತರು ಆ 600 ರೂಪಾಯಿಯನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮರೆತಿದ್ದಾರೆ. ಈ ಹಣವೂ ಸಂಘದಲ್ಲೇ ಇದೆ.

ಉಳಿದದ್ದು 6 ದಿನ, 1,200 ರೂಪಾಯಿ. ಕಾರ್ಡಿನಲ್ಲಿ ಸಹಿ ಇದೆ. ಮಷೀನಿನಲ್ಲಿ ನಮೂದಿಲ್ಲ, ಚೀಟಿಯಿಲ್ಲ, ಮಷೀನು ರಿಪೇರಿಯಲ್ಲೂ ಇರಲಿಲ್ಲ. ಇಲ್ಲಿ ಕಲೆಕ್ಟರ್‌ನ ಹೇಳಿಕೆ ಮುಖ್ಯವಾಗುತ್ತದೆ. ಅದನ್ನು ಪ್ರಶ್ನೆ, ಉತ್ತರವಾಗಿ ಅವರದೇ ಮಾತಿನಲ್ಲಿ ಬರೆದುಕೊಂಡು, ಓದಿ ಹೇಳಿ, ಪುಟಪುಟಕ್ಕೂ ಸಹಿ ಪಡೆಯಬೇಕು.

“ಕಾರ್ಡಿನಲ್ಲಿ ಈ ದಿನಾಂಕದ ಮುಂದಿರುವ ಸಹಿ ನಿಮ್ಮದೇ?”

“ನನ್ನದೇ ಸಾರ್.”

“ಆ ದಿನದ 200 ರೂಪಾಯಿ ಶಾಖೆಗೆ ಕಟ್ಟಿದ್ದೀರಾ?”

“ಕಟ್ಟಿದೀನಿ. ಮಷೀನಲ್ಲಿ ಹೊಡೆಯೋದು ಮರೆತಿರಬಹುದು. ದುಡ್ಡಂತೂ ಕಟ್ಟಿದೀನಿ.”

ಇದು ಆಗಬಾರದ ಮಾತೇನಲ್ಲ, ಆದ್ದರಿಂದ ಅದನ್ನು ಪರೀಕ್ಷಿಸಬೇಕು. ಮಷೀನಿನಲ್ಲಿ ಹೊಡೆಯದೆ ಹಣ ಮಾತ್ರ ಕಟ್ಟಿದ್ದರೆ ಆ ಸಂಜೆ ಕಟ್ಟಿದ ನಗದು ಮಷೀನಿನ ಮೊತ್ತಕ್ಕಿಂತ 200 ರೂಪಾಯಿ ಹೆಚ್ಚಿರಬೇಕು. 6 ದಿನಗಳ ಚಲನ್ ತೆಗೆದು ಮಷೀನಿನ ಪಟ್ಟಿಯ ಪಕ್ಕದಲ್ಲಿಟ್ಟರೆ ಎರಡೂ ರೂಪಾಯಿಗೆ ರೂಪಾಯಿ ತಾಳೆಯಾಗುತ್ತವೆ. ಐನೂರರ ನೋಟು ಎಷ್ಟು, ನೂರರದ್ದು ಎಷ್ಟು ಎಂಬ ವಿವರ ಕಲೆಕ್ಟರ್‌ನ ಕೈಬರಹದಲ್ಲೇ ಇದೆ. ಇದನ್ನು ಅವರ ಮುಂದಿಟ್ಟು ಮತ್ತೊಮ್ಮೆ ಕೇಳಬೇಕು. ಎದುರಿನ ದಾಖಲೆಯನ್ನು ತೋರಿಸದೆ ಅದರ ಆಧಾರದ ಮೇಲೆ ತೀರ್ಮಾನಿಸುವುದು ನ್ಯಾಯವಲ್ಲ. ಅವರು “ನೆನಪಿಲ್ಲ” ಎನ್ನುತ್ತಾರೆ. ಜೊತೆಗೆ, ಬೇಕರಿಯವರಿಗೂ ತಮಗೂ ಹಿಂದೆ ಜಗಳವಾಗಿತ್ತು, ಅದಕ್ಕೇ ದೂರು ಎಂದೂ ಹೇಳುತ್ತಾರೆ. ಅದನ್ನೂ ಬರೆದುಕೊಳ್ಳಬೇಕು. ಕಾರ್ಡಿನ ಸಹಿಯನ್ನು ಅವರೇ ಒಪ್ಪಿರುವುದರಿಂದ ಜಗಳದ ಮಾತು ಈ 6 ದಿನದ ಪ್ರಶ್ನೆಯನ್ನು ಬದಲಿಸುವುದಿಲ್ಲ ಎಂಬುದು ತೀರ್ಮಾನದ ಭಾಗದಲ್ಲಿ ಬರಬೇಕಾದ ಮಾತು.

ಎರಡನೇ ಆರೋಪಕ್ಕೆ, ಅಂದರೆ ಬೇರೆ ಗ್ರಾಹಕರ ವಿಷಯಕ್ಕೆ, ಕಾರ್ಡ್ ಪರಿಶೀಲನೆಯೇ ದಾರಿ. ಆದರೆ ಯಾರ ಕಾರ್ಡ್? ದೂರುದಾರರೇ ಕರೆತಂದ ನಾಲ್ಕು ಜನರದ್ದಾಗಲಿ, ಕಲೆಕ್ಟರ್ ತೋರಿಸಿದ ನಾಲ್ಕು ಜನರದ್ದಾಗಲಿ ನೋಡಿದರೆ ಸತ್ಯ ಸಿಗುವುದಿಲ್ಲ. ಆ ಲೈನಿನಲ್ಲಿ 310 ಖಾತೆಗಳಿವೆ. ಪಟ್ಟಿಯಲ್ಲಿ ಪ್ರತಿ ಐದನೆಯದನ್ನು ಆರಿಸಿದರೆ 62 ಆಗುತ್ತದೆ. ಅವರಲ್ಲಿ 58 ಜನ ಕಾರ್ಡ್ ತೋರಿಸಿದರು. 55 ಕಾರ್ಡ್‌ಗಳು ಲೆಡ್ಜರಿಗೆ ತಾಳೆಯಾದವು. 3ರಲ್ಲಿ ವ್ಯತ್ಯಾಸವಿತ್ತು. ಅವುಗಳಲ್ಲಿ ಎರಡು, ಕಾರ್ಡ್ ನೋಡಿದ ದಿನದ ಹಣ ಇನ್ನೂ ಶಾಖೆಗೆ ಹೋಗಿರಲಿಲ್ಲ ಎಂಬ ಕಾರಣಕ್ಕೆ. ಒಂದರಲ್ಲಿ 300 ರೂಪಾಯಿಯ ವ್ಯತ್ಯಾಸಕ್ಕೆ ಕಾರಣ ಸಿಗಲಿಲ್ಲ. ಹೇಗೆ ಆರಿಸಿದೆವು, ಎಷ್ಟನ್ನು ನೋಡಲಾಗಲಿಲ್ಲ ಎಂಬುದನ್ನೂ ವರದಿ ಹೇಳಬೇಕು.

ಮೂರನೇ ಆರೋಪಕ್ಕೆ ಸಿಕ್ಕಿದ್ದು ಇಷ್ಟೇ: “ಊರೆಲ್ಲ ಹೇಳುತ್ತಾರೆ.” ಹೇಳಿದವರು ಯಾರು ಎಂದು ಕೇಳಿದಾಗ ದೂರುದಾರರು ಯಾರ ಹೆಸರನ್ನೂ ಕೊಡಲಿಲ್ಲ. ಅದನ್ನೇ ಹಾಗೆಯೇ ದಾಖಲಿಸಬೇಕು.

ಎಷ್ಟು ಸಾಬೀತು, ಎಷ್ಟಿಲ್ಲ

ಆಂತರಿಕ ತನಿಖೆಗೆ ಕ್ರಿಮಿನಲ್ ಕೋರ್ಟಿನಷ್ಟು ಕಟ್ಟುನಿಟ್ಟಿನ ಪುರಾವೆ ಬೇಕಿಲ್ಲ. 1977ರಲ್ಲಿ ಹರಿಯಾಣದ ಬಸ್ ಕಂಡಕ್ಟರ್ ರತ್ತನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ತಪಾಸಣಾ ದಳದವರಿಗೆ ಟಿಕೆಟ್ ಇಲ್ಲದ 11 ಪ್ರಯಾಣಿಕರು ಸಿಕ್ಕಿದ್ದರು. ಆ ಪ್ರಯಾಣಿಕರನ್ನು ವಿಚಾರಣೆಗೆ ಕರೆಸಿರಲಿಲ್ಲ ಎಂಬುದೇ ಕಂಡಕ್ಟರ್‌ನ ವಾದ. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯ್ದೆಯ ಬಿಗಿ ನಿಯಮಗಳು ಅನ್ವಯಿಸುವುದಿಲ್ಲ, ತಪಾಸಕರ ಸಾಕ್ಷ್ಯದಂಥ ಆಧಾರ ಇದ್ದರೆ ಸಾಕು ಎಂದು ಕೋರ್ಟ್ ಹೇಳಿತು. ಹೀಗೂ ಆಗಿರಬಹುದು, ಹಾಗೂ ಆಗಿರಬಹುದು ಎಂಬ ಎರಡರ ನಡುವೆ ಯಾವುದು ಹೆಚ್ಚು ಸಂಭವನೀಯ ಎಂದು ತೂಗಿ ನೋಡುವುದು ಇಲ್ಲಿನ ಮಾನದಂಡ. ಆದರೆ ಎರಡೂ ಕಡೆ ಇಡಲು ಏನಾದರೂ ಇರಬೇಕು. ಅನುಮಾನ ಎಷ್ಟೇ ಬಲವಾಗಿದ್ದರೂ ಅದು ಆಧಾರವಾಗುವುದಿಲ್ಲ.

ತೀರ್ಮಾನದ ಭಾಗವನ್ನು ಆರೋಪದ ಸಂಖ್ಯೆ ಹಿಡಿದೇ ಬರೆಯಬೇಕು. ಕೇಂದ್ರ ಸರ್ಕಾರಿ ನೌಕರರ 1965ರ ಶಿಸ್ತು ನಿಯಮಗಳ 14ನೇ ನಿಯಮವೂ ವಿಚಾರಣಾ ವರದಿಯಲ್ಲಿ ಆರೋಪಗಳು, ನೌಕರರ ಸಮಜಾಯಿಷಿ, ಸಾಕ್ಷ್ಯದ ವಿಮರ್ಶೆ, ಒಂದೊಂದು ಆರೋಪದ ಮೇಲೆಯೂ ಕಾರಣಸಹಿತ ತೀರ್ಮಾನ ಇರಬೇಕೆಂದು ಹೇಳುತ್ತದೆ. ಖಾಸಗಿ ಸಂಘಕ್ಕೆ ಆ ನಿಯಮ ಅನ್ವಯಿಸದಿದ್ದರೂ ಚೌಕಟ್ಟು ಒಳ್ಳೆಯದು.

ಮೊದಲ ಆರೋಪದ ಮೇಲಿನ ತೀರ್ಮಾನ ಹೀಗಿರಬಹುದು: “2,600 ರೂಪಾಯಿಯ ಪೈಕಿ 800 ರೂಪಾಯಿ ಸಂಘಕ್ಕೆ ಸಂದಾಯವಾಗಿ ಖಾತೆ 1164ಕ್ಕೆ ಜಮಾ ಆಗಿದೆ (ದಾಖಲೆ 2, 5). 600 ರೂಪಾಯಿ ಸಂದಾಯವಾಗಿ ಸಸ್ಪೆನ್ಸ್ ಖಾತೆಯಲ್ಲಿದೆ (ದಾಖಲೆ 4). ಈ 1,400 ರೂಪಾಯಿಯ ಮಟ್ಟಿಗೆ ಆರೋಪ ಸಾಬೀತಾಗಿಲ್ಲ. 1,200 ರೂಪಾಯಿಯನ್ನು ಕಲೆಕ್ಟರ್ 6 ದಿನಗಳಲ್ಲಿ ದೂರುದಾರರಿಂದ ಪಡೆದಿದ್ದಾರೆ (ದಾಖಲೆ 1, ಹೇಳಿಕೆ). ಸಂಘಕ್ಕೆ ಕಟ್ಟಿದ್ದೇನೆ ಎಂಬ ಅವರ ಹೇಳಿಕೆ ಅವರದೇ ಚಲನ್‌ಗಳಿಗೆ ತಾಳೆಯಾಗುವುದಿಲ್ಲ (ದಾಖಲೆ 3). ಈ ಹಣ ಸಂಘಕ್ಕೆ ಸಂದಾಯವಾಗಿಲ್ಲ ಎಂಬುದು ಸಾಬೀತಾಗಿದೆ.”

ಬರೀ “ಭಾಗಶಃ ಸಾಬೀತಾಗಿದೆ” ಎಂದು ಬರೆದು ಮುಗಿಸುವವರಿದ್ದಾರೆ. ಯಾವ ಭಾಗ ಎಂದು ಹೇಳದ ‘ಭಾಗಶಃ’ ಯಾರಿಗೂ ಉಪಯೋಗವಿಲ್ಲ. ಇನ್ನೊಂದು ಗಮನಿಸಿ: ಮೇಲಿನ ತೀರ್ಮಾನದಲ್ಲಿ ಕಲೆಕ್ಟರ್ ಹಣವನ್ನು ಸ್ವಂತಕ್ಕೆ ಬಳಸಿಕೊಂಡರು ಎಂಬ ಮಾತಿಲ್ಲ. ಆ 1,200 ರೂಪಾಯಿ ಏನಾಯಿತು ಎಂಬುದಕ್ಕೆ ಸಾಕ್ಷ್ಯವಿಲ್ಲ, ಹಾಗಾಗಿ ವರದಿ ಅದನ್ನು ಹೇಳುವುದಿಲ್ಲ. ಇದನ್ನು ಅಳುಕು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಪಡೆದಿದ್ದಾರೆ, ಕಟ್ಟಿಲ್ಲ, ಕೊಟ್ಟ ವಿವರಣೆ ದಾಖಲೆಗೆ ಹೊಂದುವುದಿಲ್ಲ ಎಂಬ ಮೂರು ಮಾತು, ಅಲುಗಾಡಿಸಲಾಗದ ಮೂರು ಮಾತು, ‘ನುಂಗಿದ್ದಾರೆ’ ಎಂಬ ಒಂದು ಮಾತಿಗಿಂತ ಗಟ್ಟಿ.

ಎರಡನೇ ಆರೋಪಕ್ಕೆ: ಪರಿಶೀಲಿಸಿದ 58 ಕಾರ್ಡ್‌ಗಳಲ್ಲಿ ಒಂದರಲ್ಲಿ 300 ರೂಪಾಯಿಯ ವ್ಯತ್ಯಾಸಕ್ಕೆ ಕಾರಣ ತಿಳಿದಿಲ್ಲ, ಉಳಿದ 252 ಖಾತೆಗಳನ್ನು ನೋಡಿಲ್ಲ, ಆದ್ದರಿಂದ ಈ ಹಂತದಲ್ಲಿ ತೀರ್ಮಾನಕ್ಕೆ ಬರಲಾಗುವುದಿಲ್ಲ. ಮೂರನೆಯದಕ್ಕೆ: ಯಾವುದೇ ಸಾಕ್ಷ್ಯ ದೊರೆತಿಲ್ಲ. ಸಾಕ್ಷ್ಯ ದೊರೆತಿಲ್ಲ ಎಂದರೆ ದೂರುದಾರರು ಸುಳ್ಳು ಹೇಳಿದರು ಎಂದಲ್ಲ. ಬೇಕೆಂದೇ ಸುಳ್ಳು ದೂರು ಕೊಟ್ಟರು ಎನ್ನಬೇಕಾದರೆ ಅದಕ್ಕೂ ಪ್ರತ್ಯೇಕ ಪುರಾವೆ ಬೇಕು.

ತನಿಖೆಯ ನಡುವೆ ದೂರಿನಲ್ಲಿ ಇಲ್ಲದ ಸಂಗತಿಯೂ ಎದುರಾಗುತ್ತದೆ. ಇಲ್ಲಿ, ಪ್ರತಿ ತಿಂಗಳು ಕೆಲವು ಕಾರ್ಡ್ ತರಿಸಿ ಲೆಡ್ಜರಿಗೆ ತಾಳೆ ನೋಡಬೇಕೆಂಬ ಸಂಘದ್ದೇ ಸುತ್ತೋಲೆ ಇದೆ. ಅದರ ರಿಜಿಸ್ಟರ್ ಜನವರಿಯಿಂದ ಖಾಲಿ. ಮ್ಯಾನೇಜರ್ ಮೇಲಿನ ಆರೋಪಕ್ಕೆ ಸಾಕ್ಷ್ಯ ಸಿಗಲಿಲ್ಲವಲ್ಲ, ಇದನ್ನಾದರೂ ಹಚ್ಚೋಣ ಎಂಬ ಆಸೆ ಸಹಜ. ಆದರೆ ಪಾಲು ಪಡೆದದ್ದಕ್ಕೂ ತಾಳೆ ನೋಡದ್ದಕ್ಕೂ ಸಂಬಂಧವಿಲ್ಲ. ಅದನ್ನು ‘ತನಿಖೆಯ ವೇಳೆ ಗಮನಕ್ಕೆ ಬಂದ ಇತರ ಸಂಗತಿ’ ಎಂಬ ಬೇರೆ ತಲೆಬರಹದಲ್ಲಿ ಹಾಕಬೇಕು. ಹಾಕುವ ಮೊದಲು ಮ್ಯಾನೇಜರ್ ಅವರಿಂದ ವಿವರಣೆ ಕೇಳಿರಬೇಕು.

‘ಅವರು’ ಮತ್ತು ‘ಅವನು’

ಪಕ್ಷಪಾತ ಕನ್ನಡದಲ್ಲಿ ವ್ಯಾಕರಣದ ಮೂಲಕವೇ ನುಸುಳುತ್ತದೆ. “ದೂರುದಾರರು ಹೇಳಿದರು, ಕಲೆಕ್ಟರ್ ಒಪ್ಪಲಿಲ್ಲ, ಅವನು ಹಾರಿಕೆಯ ಉತ್ತರ ಕೊಟ್ಟನು.” ಒಬ್ಬರಿಗೆ ಬಹುವಚನ, ಇನ್ನೊಬ್ಬರಿಗೆ ಏಕವಚನ. ತೀರ್ಮಾನ ಓದುವ ಮೊದಲೇ ಓದುಗರಿಗೆ ತೀರ್ಪು ಗೊತ್ತಾಗಿಬಿಡುತ್ತದೆ. ಮ್ಯಾನೇಜರ್‌ಗೆ ‘ಅವರು’, ಕಲೆಕ್ಟರ್‌ಗೆ ‘ಆತ’ ಎಂದು ಹುದ್ದೆ ನೋಡಿ ಗೌರವ ಅಳೆಯುವುದೂ ಇದೇ ದೋಷ. ವರದಿಯ ಮೊದಲ ಸಾಲಿನಿಂದ ಕೊನೆಯವರೆಗೆ ಎಲ್ಲರೂ ‘ಅವರು’.

ಕ್ರಿಯಾಪದಗಳ ಮೇಲೂ ಕಣ್ಣಿರಬೇಕು. ‘ಹೇಳಿದರು’ ಎಂಬುದು ಯಾವ ಪಕ್ಷಕ್ಕೂ ವಾಲದ ಪದ. ‘ಒಪ್ಪಿಕೊಂಡರು’ ಎಂದರೆ ತಪ್ಪನ್ನು ಒಪ್ಪಿದಂತೆ ಕೇಳುತ್ತದೆ. ಸಹಿ ತನ್ನದು ಎಂದು ಒಪ್ಪಿದ್ದನ್ನು “ತಪ್ಪೊಪ್ಪಿಗೆ” ಎಂದು ಬರೆದರೆ ಅನ್ಯಾಯ. ‘ತಬ್ಬಿಬ್ಬಾದರು’, ‘ಬಾಯಿ ಬಿಡಲಿಲ್ಲ’, ‘ನುಣುಚಿಕೊಂಡರು’ ಎಂಬವೆಲ್ಲ ಬರೆಯುವವರ ಊಹೆ. ಅವುಗಳ ಬದಲು ಕೇಳಿದ್ದೇನು, ಬಂದ ಉತ್ತರವೇನು ಎಂದು ಬರೆದರೆ ಸಾಕು. ಉತ್ತರ ಬರದಿದ್ದರೆ “ಉತ್ತರಿಸಲಿಲ್ಲ”.

ಸರ್ಕಾರಿ ಶೈಲಿಯ ‘ಕಂಡುಬಂದಿದೆ’, ‘ಎಸಗಲಾಗಿದೆ’ ಎಂಬ ಕರ್ಮಣಿ ಪ್ರಯೋಗ ತಟಸ್ಥವಾಗಿ ಕೇಳಿಸುತ್ತದೆ. ನಿಜಕ್ಕೂ ಅದು ಮರೆಮಾಚುತ್ತದೆ. “600 ರೂಪಾಯಿಯನ್ನು ಸಸ್ಪೆನ್ಸ್ ಖಾತೆಗೆ ಹಾಕಲಾಗಿದೆ.” ಯಾರು ಹಾಕಿದರು? ಗೊತ್ತಿದ್ದರೆ ಹುದ್ದೆ ಬರೆಯಬೇಕು, ಗೊತ್ತಿಲ್ಲದಿದ್ದರೆ ಗೊತ್ತಾಗಿಲ್ಲ ಎಂದೇ ಬರೆಯಬೇಕು. ತಟಸ್ಥ ಭಾಷೆ ಎಂದರೆ ಮೆತ್ತಗಿನ ಭಾಷೆ ಎಂದು ತಿಳಿಯುವುದೂ ತಪ್ಪು. 1,200 ರೂಪಾಯಿ ಸಂದಾಯವಾಗಿಲ್ಲ ಎಂಬಲ್ಲಿ “ಸಂದಾಯವಾಗದೇ ಇರುವ ಸಾಧ್ಯತೆ ಇಲ್ಲದಿಲ್ಲ” ಎಂದು ಸುತ್ತಿ ಬರೆದರೆ ಬೇಕರಿಯವರಿಗೆ ಮೋಸವಾಗುತ್ತದೆ.

ಶಿಫಾರಸಿನ ಗಡಿ

ಈ ತನಿಖೆ ಸತ್ಯಶೋಧನೆಯ ಮೊದಲ ಹಂತ. ಶಿಕ್ಷೆ ಕೊಡುವುದು ಆಡಳಿತ ಮಂಡಳಿಯ ಕೆಲಸ. ಅದೂ ಆರೋಪಪಟ್ಟಿ ಕೊಟ್ಟು, ಸಾಕ್ಷಿಗಳನ್ನು ಪಾಟೀ ಸವಾಲು ಮಾಡಲು ಅವಕಾಶವಿರುವ ವಿಚಾರಣೆ ನಡೆಸಿದ ಮೇಲೆ. ಹಾಗಾಗಿ “ಕೆಲಸದಿಂದ ತೆಗೆಯಿರಿ” ಎಂಬ ಶಿಫಾರಸು ಇಲ್ಲಿ ಬರುವಂತಿಲ್ಲ. ಎಲ್ಲ ತನಿಖೆಗಳೂ ಹೀಗೇ ಇರುವುದಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಆಂತರಿಕ ಸಮಿತಿಯೇ ವಿಚಾರಣೆ ನಡೆಸಿ, ಆರೋಪ ಸಾಬೀತಾದರೆ ಕ್ರಮವನ್ನೂ ಶಿಫಾರಸು ಮಾಡಬೇಕು, ಅದಕ್ಕೆ ಕಾಲಮಿತಿಯೂ ಇದೆ. ನಿಮ್ಮ ನೇಮಕ ಆದೇಶದಲ್ಲಿ ಏನು ಕೇಳಿದ್ದಾರೆ ಎಂದು ವರದಿ ಶುರುಮಾಡುವ ಮೊದಲು ನೋಡಿಕೊಳ್ಳಬೇಕು. ವರದಿ ಕೇಳಿದವರು ಶಿಫಾರಸು ಕೇಳಿರದಿದ್ದರೆ ತೀರ್ಮಾನಕ್ಕೇ ನಿಲ್ಲಿಸಬೇಕು.

ಕೇಳಿದ್ದರೆ, ಪ್ರತಿ ಶಿಫಾರಸಿನ ಮುಂದೆ ಅದು ಯಾವ ತೀರ್ಮಾನದಿಂದ ಹುಟ್ಟಿತು ಎಂದು ಬರೆಯಬೇಕು. ನಮ್ಮ ಪ್ರಕರಣದಲ್ಲಿ 1,400 ರೂಪಾಯಿಯನ್ನು ಖಾತೆ 1146ಕ್ಕೆ ವರ್ಗಾಯಿಸುವುದು. ಉಳಿದ 1,200ನ್ನು ಕಲೆಕ್ಟರ್ ಮೇಲಿನ ಕ್ರಮಕ್ಕೆ ಕಾಯದೆ ಸಂಘವೇ ದೂರುದಾರರಿಗೆ ಕೊಡುವುದು, ಏಕೆಂದರೆ ಅವರು ಹಣ ಕೊಟ್ಟಿದ್ದು ಸಂಘದ ಪ್ರತಿನಿಧಿಗೆ. 1,200 ರೂಪಾಯಿಗೆ ಸಂಬಂಧಿಸಿ ಕಲೆಕ್ಟರ್ ಮೇಲೆ ವಿಚಾರಣೆ ನಡೆಸಬೇಕೇ ಎಂದು ಮಂಡಳಿ ನಿರ್ಧರಿಸುವುದು. ಉಳಿದ 252 ಕಾರ್ಡ್‌ಗಳನ್ನು ಬೇರೆ ಲೈನಿನ ಸಿಬ್ಬಂದಿಯಿಂದ ಪರಿಶೀಲಿಸುವುದು. ಚೀಟಿಯಲ್ಲಿ ಖಾತೆ ಸಂಖ್ಯೆಯ ಜೊತೆ ಗ್ರಾಹಕರ ಹೆಸರೂ ದೊಡ್ಡದಾಗಿ ಬರುವಂತೆ ಮಷೀನನ್ನು ಸರಿಪಡಿಸುವುದು. ಕೊನೆಯದು ಶಿಕ್ಷೆಯ ವಿಷಯವೇ ಅಲ್ಲ. ಆದರೆ 1146 ಮತ್ತು 1164ರ ಗೊಂದಲ ಮತ್ತೆ ಆಗದಂತೆ ತಡೆಯುವುದು ಅದೊಂದೇ. ತೀರ್ಮಾನದ ಬೆಂಬಲವಿಲ್ಲದ ಶಿಫಾರಸು, ಉದಾಹರಣೆಗೆ ಮ್ಯಾನೇಜರ್‌ರನ್ನು ವರ್ಗಾಯಿಸಿ ಎಂಬುದು, ಎಷ್ಟೇ ಒಳ್ಳೆಯ ಉದ್ದೇಶದ್ದಾದರೂ ಹೊಡೆದುಹಾಕಬೇಕು.

ಬರೆಯುವಾಗ ಒಬ್ಬ ಓದುಗರನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಅವರು ಆರೋಪ ಹೊತ್ತವರು. 1993ರ ಕರುಣಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಶಿಸ್ತು ಪ್ರಾಧಿಕಾರ ಬೇರೊಬ್ಬರಿಂದ ವಿಚಾರಣೆ ಮಾಡಿಸಿದ್ದರೆ, ತೀರ್ಮಾನಕ್ಕೆ ಬರುವ ಮೊದಲು ವಿಚಾರಣಾ ವರದಿಯ ಪ್ರತಿಯನ್ನು ನೌಕರರಿಗೆ ಕೊಡಲೇಬೇಕು ಎಂದು ಹೇಳಿದೆ. ಖಾಸಗಿ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಕಲೆಕ್ಟರ್ ಆ ವಿಚಾರಣೆಗೆ ಹೋದಾಗ ನಿಮ್ಮ ಪ್ರಾಥಮಿಕ ವರದಿಯ ದಾಖಲೆಗಳೇ ಅಲ್ಲಿ ಮೇಜಿನ ಮೇಲಿರುತ್ತವೆ. ಅವರು ಓದಿ “ಇದನ್ನು ನಾನು ಒಪ್ಪುವುದಿಲ್ಲ” ಎನ್ನಬಹುದು, “ಇದನ್ನು ನನಗೆ ತೋರಿಸಲೇ ಇಲ್ಲ” ಎನ್ನುವಂತೆ ಇರಬಾರದು.

ನೀವು ಯಾವುದಾದರೂ ಸಂಘದ ಸದಸ್ಯರಾಗಿದ್ದು, ಮಹಾಸಭೆಯಲ್ಲಿ ಇಂಥ ವರದಿ ಮಂಡನೆಯಾದರೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ಈ ತೀರ್ಮಾನ ಯಾವ ದಾಖಲೆಯ ಮೇಲೆ ನಿಂತಿದೆ, ಅದರ ಸಂಖ್ಯೆ ಎಷ್ಟು? ಉತ್ತರ ಬರದಿದ್ದರೆ ವರದಿಯನ್ನು ಬರೆದವರಿಗೇ ವಾಪಸು ಕಳುಹಿಸಲು ಹೇಳಿ. ಹಾಗೆಯೇ, ಈ ಸಂಜೆ ನಿಮ್ಮ ಪಿಗ್ಮಿ ಕಲೆಕ್ಟರ್ ಬಂದಾಗ ಚೀಟಿ ಪಡೆದು ಅದರಲ್ಲಿರುವ ಖಾತೆ ಸಂಖ್ಯೆ ನಿಮ್ಮದೇ ಹೌದೋ ಎಂದು ಒಮ್ಮೆ ನೋಡಿ.